ತಿಂಗಳಿಗೆ 24,309 ಅಂದ್ರು, ಖಾತೆಗೆ ಬಿದ್ದದ್ದು 12,866

"ಸರ, ನಮ್ಮೂರು ಬೈಲಹೊಂಗಲದ ಹತ್ರ. ಡಿಪ್ಲೊಮಾ ಮುಗಿಸಿ ಜುಲೈ 7ಕ್ಕ ಬೆಳಗಾವಿ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಾಗ ಕ್ವಾಲಿಟಿ ಇನ್‌ಸ್ಪೆಕ್ಟರ್ ಅಂತ ಸೇರೇನಿ. ಆಫರ್ ಲೆಟರ್‌ನಾಗ ಸಿಟಿಸಿ ವರ್ಷಕ್ಕ 2,91,708, ತಿಂಗಳಿಗೆ 24,309 ಅಂತ ಐತಿ. ಆಗಸ್ಟ್ 6ಕ್ಕ ಖಾತೆಗೆ ಬಿದ್ದದ್ದು 12,866. ಕಂಪನಿಯವರು ಅರ್ಧ ಪಗಾರ ನುಂಗ್ಯಾರ ಅಂತ ಮನ್ಯಾಗ ಅಂತಾರ. ರೂಮ್‌ಮೇಟ್ 'ಪಿಎಫ್ ಬ್ಯಾಡ ಅಂತ ಬರದು ಕೊಡು' ಅಂತಾನ. 24 ಸಾವಿರ ಬರ್ತದಂತ ನಂಬಿ ಬೈಕಿಗೆ 4,800ರ ಇಎಂಐ ಮಾತಾಡೀನಿ. ನಮ್ಮ ಕಾಕಾ ಊರ ಸೊಸೈಟ್ಯಾಗ ತಿಂಗಳಿಗೆ 5,000ದ ಆರ್‌ಡಿ ಸುರು ಮಾಡು ಅಂತಾರ. ಆಫರ್ ಲೆಟರ್, ಪಗಾರ ಚೀಟಿ ಎರಡರ ಫೋಟೊನೂ ಕಳಿಸೀನಿ. ಏನ್ ಮಾಡ್ಲಿ?"

ಎರಡೂ ಕಾಗದ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಕಂಪನಿ ಅರ್ಧ ಪಗಾರ ನುಂಗಿಲ್ಲ. ಆದರೆ ನಿಮ್ಮದೊಂದು ದಿನದ ಪಗಾರ ತಪ್ಪಿದೆ, ಮತ್ತೆ 1,200 ರೂಪಾಯಿಗೆ ಯಾರೂ ಉತ್ತರ ಹೇಳಿಲ್ಲ. ಅವೆರಡನ್ನು ಕೇಳಿ ಪಡೆಯುವುದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು 24,309ರಿಂದ 12,866ಕ್ಕೆ ಇಳಿದ 11,443 ರೂಪಾಯಿ ಎಲ್ಲಿ ಹೋಯಿತು ಅಂತ ಒಂದೊಂದೇ ಮೆಟ್ಟಿಲು ಇಳಿಯೋಣ. ಮೂರೇ ಮೆಟ್ಟಿಲು.

ಮೊದಲನೆಯದು ಆಫರ್ ಲೆಟರ್‌ನದ್ದು. ಸಿಟಿಸಿ ಅಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ಬೀಳುವ ಖರ್ಚು. ಅದು ಪಗಾರವಲ್ಲ. ನಿಮ್ಮ ಲೆಟರ್‌ನ ಎರಡನೇ ಪುಟದಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇದೆ, ಫೋಟೊದಲ್ಲಿ ಅದು ಅರ್ಧ ಮಡಚಿಕೊಂಡಿದೆ, ನೀವು ಅದನ್ನು ಬಿಚ್ಚಿ ಓದಿಲ್ಲ ಅಂತ ಅಲ್ಲೇ ಗೊತ್ತಾಯಿತು. ಅದರಲ್ಲಿ ಬೇಸಿಕ್ ಮತ್ತು ವಿಡಿಎ, ಅಂದರೆ ತುಟ್ಟಿಭತ್ಯೆ, ಸೇರಿ 14,000, ಮನೆ ಬಾಡಿಗೆ ಭತ್ಯೆ 6,000. ಎರಡೂ ಕೂಡಿದರೆ 20,000. ಇದು ನಿಮ್ಮ ಗ್ರಾಸ್, ಅಂದರೆ ತಿಂಗಳು ಪೂರ್ತಿ ದುಡಿದರೆ ಕಡಿತಕ್ಕೆ ಮೊದಲು ನಿಮ್ಮ ಹೆಸರಿಗೆ ಬರೆಯುವ ಪಗಾರ. ಉಳಿದ 4,309 ರೂಪಾಯಿ ತಿಂಗಳ ಪಗಾರದೊಳಗೆ ಬರುವ ದುಡ್ಡೇ ಅಲ್ಲ. ಅದರಲ್ಲಿ ಕಂಪನಿ ತನ್ನ ಪಾಲಿನಿಂದ ಕಟ್ಟುವ ಪಿಎಫ್ 1,680, ಪಿಎಫ್‌ನ ಆಡಳಿತ ಶುಲ್ಕ ಮತ್ತು ಅದರ ಜೊತೆಗಿನ ವಿಮೆಗೆ 140, ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಕಂಪನಿ ಪಾಲು 650, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆಂದು ತೆಗೆದಿಟ್ಟ 673, ಬೋನಸ್ಸಿನ ತಿಂಗಳ ಲೆಕ್ಕ 1,166. ಕೂಡಿಸಿ ನೋಡಿ, ಸರಿಯಾಗಿ 4,309.

ಇದರಲ್ಲಿ ಬೋನಸ್ ವರ್ಷಕ್ಕೊಮ್ಮೆ ಒಟ್ಟಿಗೆ ಬರುತ್ತದೆ. ನಮ್ಮ ಕಡೆಯ ಬಹಳಷ್ಟು ಕಾರ್ಖಾನೆಗಳಲ್ಲಿ ದೀಪಾವಳಿಗೆ. ಮೊದಲ ವರ್ಷ ನೀವು ದುಡಿದಷ್ಟು ದಿನಕ್ಕೆ ಮಾತ್ರ. ಗ್ರಾಚ್ಯುಟಿ ಮಾತ್ರ ಐದು ವರ್ಷ ಒಂದೇ ಕಡೆ ದುಡಿದವರಿಗೆ. ಎರಡು ವರ್ಷಕ್ಕೆ ಕೆಲಸ ಬಿಟ್ಟರೆ ಆ 673ರ ಒಂದು ಪೈಸೆಯೂ ನಿಮ್ಮದಲ್ಲ. ಅದನ್ನು ಸಿಟಿಸಿಯೊಳಗೆ ಎಣಿಸಿ ತೋರಿಸುವುದು ನನಗೆ ಎಂದೂ ಹಿಡಿಸಿಲ್ಲ, ಆದರೆ ಎಲ್ಲ ಕಂಪನಿಗಳೂ ಮಾಡುತ್ತವೆ, ಕಾನೂನಿನ ಅಡ್ಡಿಯೂ ಇಲ್ಲ. ಮುಂದೆ ಇನ್ನೊಂದು ಕಂಪನಿಯ ಆಫರ್ ಬಂದಾಗ ಸಿಟಿಸಿಗೆ ಸಿಟಿಸಿ ಹೋಲಿಸಬೇಡಿ, ಗ್ರಾಸ್‌ಗೆ ಗ್ರಾಸ್ ಹೋಲಿಸಿ.

ಎರಡನೇ ಮೆಟ್ಟಿಲು ದಿನಗಳದ್ದು. ಚೀಟಿಯ ಮೇಲ್ತುದಿಯಲ್ಲಿ, ನಿಮ್ಮ ಹೆಸರಿನ ಕೆಳಗೆ, 'ಪೇಯ್ಡ್ ಡೇಸ್' ಅಂತ ಒಂದು ಚೌಕ ಇದೆ. ಎಲ್ಲರೂ ಕೆಳಗಿನ ಮೊತ್ತಕ್ಕೆ ಕಣ್ಣು ಹಾಯಿಸುತ್ತಾರೆ, ನಾನು ಮೊದಲು ನೋಡುವುದು ಈ ಚೌಕವನ್ನು. ನಿಮ್ಮದರಲ್ಲಿ 24 ಅಂತಿದೆ. ಜುಲೈಗೆ 31 ದಿನ. 20,000ವನ್ನು 31ರಿಂದ ಭಾಗಿಸಿ 24ರಿಂದ ಗುಣಿಸಿದರೆ 15,484. ನಿಮ್ಮ ಚೀಟಿಯ ಗ್ರಾಸ್ ಸಾಲಿನಲ್ಲೂ ಅದೇ ಅಂಕಿ ಇದೆ. ಅಂದರೆ ನಿಮ್ಮ ಕಂಪನಿ ರವಿವಾರ, ರಜೆ ಎಲ್ಲ ಸೇರಿಸಿ ತಿಂಗಳ ದಿನಗಳಿಂದಲೇ ಭಾಗಿಸುತ್ತದೆ. ಕೆಲವು ಕಡೆ 26ರಿಂದ ಭಾಗಿಸುವ ಪದ್ಧತಿಯೂ ಇದೆ, ಅಲ್ಲಿ ರವಿವಾರ ಎಣಿಕೆಗೆ ಬರುವುದಿಲ್ಲ. ಹೀಗೆ ಗುಣಿಸಿ ನೋಡಿದರೆ ಯಾವ ಪದ್ಧತಿ ಅಂತ ಯಾರನ್ನೂ ಕೇಳದೆ ತಿಳಿಯುತ್ತದೆ.

ಈಗ ಬೆರಳು ಮಡಚಿ ಎಣಿಸಿ. 7ರಿಂದ 31ರವರೆಗೆ, ಎರಡೂ ದಿನ ಸೇರಿ, 25 ದಿನ ಆಗುತ್ತವೆ. 24 ಅಲ್ಲ. ರಜೆ ಹಾಕಿದ್ದಾಗಿ ನೀವು ಎಲ್ಲೂ ಬರೆದಿಲ್ಲ. ಇಪ್ಪತ್ತು ವರ್ಷದಿಂದ ಉದ್ಯಮಬಾಗದ ಸಣ್ಣಪುಟ್ಟ ಯುನಿಟ್‌ಗಳ ಪಗಾರದ ಲೆಕ್ಕ ಬರೆಯುತ್ತಿರುವ ನನ್ನ ಅಂದಾಜು ಇಷ್ಟು: ಮೊದಲ ದಿನ ನಿಮ್ಮನ್ನು ಆಫೀಸಿನಲ್ಲಿ ಕೂರಿಸಿ ಫಾರ್ಮ್ ತುಂಬಿಸಿದ್ದಾರೆ, ಹೆಬ್ಬೆಟ್ಟು ಮಷಿನ್‌ಗೆ ಏರಿಸಿದ್ದು ಮರುದಿನ. ಮಷಿನ್‌ನಲ್ಲಿ ಗುರುತಿಲ್ಲದ ದಿನವನ್ನು ಸಾಫ್ಟ್‌ವೇರ್ ಗೈರುಹಾಜರಿ ಅಂತಲೇ ಹಿಡಿಯುತ್ತದೆ. ಹೊಸಬರ ಮೊದಲ ಚೀಟಿಯಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದೇ ಹೆಚ್ಚು. ಯಾರದೂ ದುರುದ್ದೇಶ ಇರುವುದಿಲ್ಲ, ಆದರೆ ಕೇಳದಿದ್ದರೆ ತಾನಾಗಿ ಸರಿಹೋಗುವುದೂ ಇಲ್ಲ. ಒಂದು ದಿನದ ಬೆಲೆ 645 ರೂಪಾಯಿ.

ಹಾಗಾಗಿ 20,000ದಿಂದ 15,484ಕ್ಕೆ ಇಳಿದ 4,516ರಲ್ಲಿ ಆರು ದಿನದ್ದು ನೀವು ಸೇರುವ ಮೊದಲಿನದು, ಅದಕ್ಕೆ ತಕರಾರಿಲ್ಲ. ಏಳನೇ ದಿನ ನಿಮ್ಮದು.

ಮೂರನೇ ಮೆಟ್ಟಿಲಿನಲ್ಲಿ ಮಾತ್ರ ನಿಜವಾದ ಕಡಿತ ಇದೆ. ಪಿಎಫ್ 1,301, ಇಎಸ್‌ಐ 117, 'ಅದರ್ ಡಿಡಕ್ಷನ್' 1,200. ಒಟ್ಟು 2,618. 4,309, 4,516, 2,618 ಕೂಡಿಸಿದರೆ ನಿಮ್ಮ 11,443 ಬಂತು. ಮನೆಯವರು ಅರ್ಧ ಪಗಾರ ನುಂಗಿದ್ದಾರೆ ಅಂದಿದ್ದರಲ್ಲ, ನಿಜವಾಗಿ ಕಟ್ ಆಗಿದ್ದು ಎರಡೂವರೆ ಸಾವಿರದಷ್ಟು.

ಪಿಎಫ್ ವಿಷಯದಲ್ಲಿ ನಿಮ್ಮ ರೂಮ್‌ಮೇಟ್ ಹೇಳಿದ್ದು ಅರ್ಧ ನಿಜ, ಆದರೆ ನಿಮಗೆ ಹೊಂದುವುದಿಲ್ಲ. ಮೊದಲ ಸಲ ಕೆಲಸಕ್ಕೆ ಸೇರುವಾಗಲೇ ಪಿಎಫ್ ಲೆಕ್ಕದ ಪಗಾರ 15,000 ದಾಟಿದ್ದರೆ, ಹಿಂದೆ ಎಲ್ಲೂ ಸದಸ್ಯರಾಗಿರದಿದ್ದರೆ, ಪಿಎಫ್ ಬೇಡ ಅಂತ ಬರೆದುಕೊಡಬಹುದು. ನಿಮ್ಮ ಬೇಸಿಕ್ ಮತ್ತು ವಿಡಿಎ 14,000. ಪಿಎಫ್ ಅನ್ವಯಿಸುವ ಕಂಪನಿಯಲ್ಲಿ ನಿಮಗೆ ಅದು ಕಡ್ಡಾಯ. ಬರೆದುಕೊಟ್ಟರೂ ಕಂಪನಿ ಅದನ್ನು ಒಪ್ಪುವಂತಿಲ್ಲ. ಒಪ್ಪಿ ಬಿಟ್ಟರೆ ಅನುಮಾನ ಪಡಿ, ಯಾಕೆಂದರೆ ಆಗ ಕಂಪನಿಯ ಪಾಲೂ ಉಳಿಯುತ್ತದೆ, ಕಳೆದುಕೊಳ್ಳುವವರು ನೀವು.

ನಿಮ್ಮ 12 ಪ್ರತಿಶತಕ್ಕೆ ಕಂಪನಿಯೂ 12 ಪ್ರತಿಶತ ಹಾಕುತ್ತದೆ. ಆದರೆ ಪಾಸ್‌ಬುಕ್ ತೆರೆದಾಗ ಗಾಬರಿ ಆಗಬೇಡಿ. ಜುಲೈ ತಿಂಗಳ ಸಾಲಿನಲ್ಲಿ ನಿಮ್ಮ ಪಾಲು 1,301, ಕಂಪನಿ ಪಾಲು ಬರೀ 398, ಪಿಂಚಣಿ 903 ಅಂತ ಕಾಣುತ್ತದೆ. 'ಕಂಪನಿ ಕಡಿಮೆ ಕಟ್ಟಿದೆ' ಅಂತ ಈ ಸಾಲು ಹಿಡಿದುಕೊಂಡು ನನ್ನ ಬಳಿ ಬಂದವರು ಬಹಳ. ಕಡಿಮೆ ಕಟ್ಟಿಲ್ಲ. ಕಂಪನಿಯ 12ರಲ್ಲಿ 8.33 ಪ್ರತಿಶತ ಪಿಂಚಣಿ ಯೋಜನೆಗೆ ತಿರುಗುತ್ತದೆ, ಮಿಕ್ಕ 3.67 ನಿಮ್ಮ ಪಿಎಫ್ ಖಾತೆಗೆ. ಪಿಎಫ್‌ನ ಎರಡೂ ಪಾಲಿಗೆ ಬಡ್ಡಿ ಬರುತ್ತದೆ, 2024-25ಕ್ಕೆ ಅದು 8.25 ಪ್ರತಿಶತ. ಪಿಂಚಣಿ ಕಾಲಂಗೆ ಬಡ್ಡಿ ಇಲ್ಲ, ಅದರ ಬದಲು ಒಟ್ಟು ಹತ್ತು ವರ್ಷ ಸೇವೆ ಆದರೆ ಮುಂದೆ ಪಿಂಚಣಿಯ ಹಕ್ಕು ಸಿಗುತ್ತದೆ. ಆ ಹತ್ತು ವರ್ಷ ಒಂದೇ ಕಂಪನಿಯಲ್ಲಿ ಆಗಬೇಕಿಲ್ಲ, ಆದರೆ ಕೆಲಸ ಬದಲಿಸಿದಾಗ ಹಳೆಯ ಯುಎಎನ್, ಅಂದರೆ ಪಿಎಫ್ ಸದಸ್ಯತ್ವದ ನಂಬರನ್ನೇ ಕೊಡಬೇಕು, ದುಡ್ಡು ತೆಗೆಯದೆ ವರ್ಗಾಯಿಸಬೇಕು.

ಪಿಎಫ್‌ನ ನಿಜವಾದ ಅಪಾಯ ಬೇರೆಯೇ ಇದೆ. ಚೀಟಿಯಲ್ಲಿ ಹಿಡಿದ ದುಡ್ಡು ಖಾತೆಗೆ ಬೀಳದಿರುವುದು. ನನ್ನ ಮೊದಲ ನೌಕರಿಯಲ್ಲಿ ಹಾಗಾಗಿತ್ತು. ಹದಿನಾಲ್ಕು ತಿಂಗಳು ಹಿಡಿದಿದ್ದರು, ಕಟ್ಟಿದ್ದು ಒಂಬತ್ತು ತಿಂಗಳದ್ದು. ಆ ಫೌಂಡ್ರಿ ಈಗಿಲ್ಲ, ಹೆಸರು ಬೇಡ. ಆಗ ನೋಡುವ ದಾರಿಯೂ ಇರಲಿಲ್ಲ, ವರ್ಷಕ್ಕೊಮ್ಮೆ ಬರುವ ಹಳದಿ ಚೀಟಿಗೆ ಕಾಯಬೇಕಿತ್ತು. ಈಗ ಹಾಗಿಲ್ಲ. ಜುಲೈ ತಿಂಗಳದ್ದನ್ನು ಕಂಪನಿ ಆಗಸ್ಟ್ 15ರೊಳಗೆ ಕಟ್ಟಬೇಕು. ಅದಾದ ಒಂದು ವಾರಕ್ಕೆ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದು 1,301 ಬಿದ್ದಿದೆಯೋ ನೋಡಿ. ಒಂದು ತಿಂಗಳು ತಡವಾದರೆ ಕೇಳಿ, ಎರಡು ತಿಂಗಳು ಕಾಣದಿದ್ದರೆ ಪಿಎಫ್ ಇಲಾಖೆಗೆ ಆನ್‌ಲೈನ್ ದೂರು ಕೊಡಿ.

ಇನ್ನೊಂದು ನಮ್ಮ ಸೀಮೆಯದೇ ತೊಡಕು. ನಿಮ್ಮ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಅಡ್ಡಹೆಸರು ಮೊದಲು ಬಂದಿರಬಹುದು, ಆಧಾರ್‌ನಲ್ಲಿ ನಿಮ್ಮ ಹೆಸರು, ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಪ್ಯಾನ್‌ನಲ್ಲಿ ನಿಮ್ಮ ಹೆಸರಿನ ಸಾಲಿನೊಳಗೆ ಅಪ್ಪನ ಹೆಸರು ಇರದೇ ಇರಬಹುದು. ಬೆಂಗಳೂರಿನ ಕಡೆಯವರಿಗೆ ಇನಿಶಿಯಲ್‌ನ ಕಾಟ, ನಮಗೆ ಅಡ್ಡಹೆಸರಿನ ಕಾಟ. ಪಿಎಫ್‌ನಲ್ಲಿ ಆಧಾರ್‌ನಲ್ಲಿ ಇದ್ದ ಹಾಗೇ, ಅಕ್ಷರಕ್ಕೆ ಅಕ್ಷರ, ಹೆಸರು ಮತ್ತು ಹುಟ್ಟಿದ ತಾರೀಕು ಇರಬೇಕು. ಈಗಲೇ ಸರಿಮಾಡಿಸುವುದು ಹಗುರ.

ಇಎಸ್‌ಐ 117 ರೂಪಾಯಿಯನ್ನು ದಂಡ ಅಂತ ತಿಳಿಯಬೇಡಿ. ಗ್ರಾಸ್ 21,000ದವರೆಗೆ ಇರುವವರಿಗೆ ಅದು ಇರುತ್ತದೆ, ನಿಮ್ಮಿಂದ 0.75 ಪ್ರತಿಶತ, ಕಂಪನಿಯಿಂದ 3.25. ನಿಮ್ಮ ಚಿಕಿತ್ಸೆಗಷ್ಟೇ ಅಲ್ಲ, ನಿಮ್ಮ ದುಡಿಮೆಯ ಮೇಲೇ ಇರುವ ತಂದೆತಾಯಿಗೂ ಅದು ಅನ್ವಯಿಸುತ್ತದೆ, ಅವರ ಆದಾಯ ತಿಂಗಳಿಗೆ 9,000 ದಾಟಬಾರದು. ಕಾರ್ಡ್‌ನಲ್ಲಿ ಅವರ ಹೆಸರು ಸೇರಿಸಿದ್ದಾರೋ ಇಲ್ಲವೋ ಈ ವಾರವೇ ನೋಡಿ. ಸೇರುವ ದಿನ ಕುಟುಂಬದ ಕಾಲಂ ಖಾಲಿ ಬಿಟ್ಟವರೇ ಹೆಚ್ಚು.

ವೃತ್ತಿ ತೆರಿಗೆ ಯಾಕೆ ಹಿಡಿದಿಲ್ಲ ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ: ಕರ್ನಾಟಕದಲ್ಲಿ 25,000 ಮತ್ತು ಅದಕ್ಕಿಂತ ಹೆಚ್ಚಿನ ಪಗಾರಕ್ಕೆ ಮಾತ್ರ ಅದು. ಅಲ್ಲಿ ಮುಟ್ಟಿದ ಮೇಲೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಆದಾಯ ತೆರಿಗೆಯ ಚಿಂತೆ ಈ ಪಗಾರಕ್ಕಿಲ್ಲ.

ಉಳಿದದ್ದು 1,200. 'ಅದರ್' ಅನ್ನುವ ಪದ ಚೀಟಿಯಲ್ಲಿ ಕಂಡರೆ ನನಗೆ ಕಸಿವಿಸಿ. ಕ್ಯಾಂಟೀನ್ ಇರಬಹುದು, ಯುನಿಫಾರ್ಮ್ ಇರಬಹುದು, ನೀವು ಮರೆತ ಮುಂಗಡ ಇರಬಹುದು. 2019ರ ವೇತನ ಸಂಹಿತೆಯಲ್ಲಿ ಯಾವುದಕ್ಕೆ ಪಗಾರ ಹಿಡಿಯಬಹುದು ಅಂತ ಪಟ್ಟಿಯೇ ಇದೆ. ಮನಸ್ಸಿಗೆ ಬಂದದ್ದಕ್ಕೆ ಹಿಡಿಯುವಂತಿಲ್ಲ. ಹಾಗಂತ ಕಾಯ್ದೆಯ ಹೆಸರು ಹೇಳಿಕೊಂಡು ಒಳಗೆ ಹೋಗಬೇಡಿ, ಪ್ರೊಬೇಷನ್‌ನಲ್ಲಿದ್ದೀರಿ. ಏನಕ್ಕೆ, ಒಂದೇ ಸಲದ್ದೋ ಪ್ರತಿ ತಿಂಗಳದ್ದೋ, ಇಷ್ಟೇ ಕೇಳಿ. ಮುಂದಿನ ಲೆಕ್ಕಕ್ಕೆ ಎರಡನೆಯ ಪ್ರಶ್ನೆಯ ಉತ್ತರವೇ ಮುಖ್ಯ.

ಈಗ ಉಳಿತಾಯದ ಮಾತು. ನಿಮ್ಮ ಲೆಕ್ಕ ಕಟ್ಟಬೇಕಾದ ಅಂಕಿ 24,309 ಅಲ್ಲ, 12,866ನೂ ಅಲ್ಲ. ಪೂರ್ತಿ ತಿಂಗಳಿಗೆ 20,000, ಅದರಲ್ಲಿ ಪಿಎಫ್ 1,680, ಇಎಸ್‌ಐ 150 ಹೋದರೆ 18,170. 'ಅದರ್' ಪ್ರತಿ ತಿಂಗಳದ್ದಾದರೆ 16,970. ಅನಗೋಳ ಕಡೆ ಪಾಲಿನ ರೂಮು, ಮೆಸ್ಸು, ಬಸ್ಸು, ಮೊಬೈಲ್, ಊರಿಗೆ ಕಳಿಸುವ ನಾಲ್ಕು ಸಾವಿರ ಅಂತ ಹಿಡಿದರೆ ನಿಮ್ಮಂಥ ಹುಡುಗರ ಖರ್ಚು ಹನ್ನೊಂದರಿಂದ ಹನ್ನೆರಡು ಸಾವಿರಕ್ಕೆ ಬಂದು ನಿಲ್ಲುತ್ತದೆ. ಉಳಿಯುವುದು ಆರು ಸಾವಿರದ ಆಸುಪಾಸು. ಬೈಕಿನ 4,800 ಮತ್ತು ಸೊಸೈಟಿಯ 5,000 ಸೇರಿದರೆ 9,800. ಎರಡೂ ಒಟ್ಟಿಗೆ ಆಗುವುದಿಲ್ಲ, ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ.

ಬೈಕ್ ಒಂದೇ ತೆಗೆದುಕೊಂಡರೂ ಕಂತಿನ ನಂತರ ಸಾವಿರ ಚಿಲ್ಲರೆ ಉಳಿಯುತ್ತದೆ, ಪೆಟ್ರೋಲು ಅದರಲ್ಲೇ. ಪ್ರೊಬೇಷನ್ ಮುಗಿಯುವ ಮುನ್ನ ಕೆಲಸ ಹೋದರೆ ಕಂತು ನಿಲ್ಲುವುದಿಲ್ಲ. ಹಾಗಂತ ಬೈಕ್ ಬೇಡ ಅನ್ನಲಾರೆ, ರಾತ್ರಿ ಪಾಳಿ ಬಿಟ್ಟ ಮೇಲೆ ಉದ್ಯಮಬಾಗದಿಂದ ರೂಮಿಗೆ ಬರುವ ಕಷ್ಟ ನನಗೂ ಗೊತ್ತು. ಪ್ರೊಬೇಷನ್ ಮುಗಿಯುವ ತನಕ ಆ 4,800ನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿ ನೋಡಿ. ಆರು ತಿಂಗಳು ಹಾಕಲು ಸಾಧ್ಯವಾದರೆ 28,800 ಕೈಯಲ್ಲಿರುತ್ತದೆ, ಅಷ್ಟನ್ನು ಮುಂಗಡ ಕಟ್ಟಿದರೆ ಕಂತೂ ಇಳಿಯುತ್ತದೆ. ಸಾಧ್ಯವಾಗದಿದ್ದರೆ ಆ ಕಂತು ನಿಮ್ಮ ಪಗಾರಕ್ಕೆ ಭಾರ ಅಂತ ಸಾಲ ಮಾಡುವ ಮೊದಲೇ ತಿಳಿದಂತಾಯಿತು.

ಕಾಕಾ ಅವರ ಸೊಸೈಟಿಯ ಬಗ್ಗೆ ಒಂದು ಮಾತು, ಅವರಿಗೆ ಬೇಸರ ಆಗದಂತೆ ನೀವೇ ತಿಳಿಸಿ. ನಮ್ಮ ಜಿಲ್ಲೆಯಲ್ಲಿ ಹಳ್ಳಿಹಳ್ಳಿಗೂ ಪತ್ತಿನ ಸಂಘ, ಸೌಹಾರ್ದ ಇವೆ. ಬಹಳಷ್ಟು ಚೆನ್ನಾಗಿಯೇ ನಡೆದಿವೆ, ಬಡ್ಡಿಯನ್ನೂ ಬ್ಯಾಂಕಿಗಿಂತ ಹೆಚ್ಚು ಕೊಡುತ್ತವೆ. ಆದರೆ ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಿನದ್ದಕ್ಕೂ ಸೇರಿ, ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಬೋರ್ಡಿನಲ್ಲಿ 'ಬ್ಯಾಂಕ್' ಅಂತಿದೆಯೋ 'ಸಂಘ' ಅಂತಿದೆಯೋ ಓದಿ ನೋಡಿ, ವ್ಯತ್ಯಾಸ ಅಲ್ಲೇ ಇದೆ. ಪಿಗ್ಮಿ ಏಜೆಂಟರು ಪರಿಚಿತರು ಅನ್ನುವುದು ವಿಮೆಯಲ್ಲ.

ಅಂಚೆ ಕಚೇರಿಯ ಆರ್‌ಡಿಗೆ ಈಗ 6.7 ಪ್ರತಿಶತ ಬಡ್ಡಿ, ಐದು ವರ್ಷದ ಅವಧಿ. ತಿಂಗಳಿಗೆ 2,000 ಹಾಕಿದರೆ ಕಟ್ಟಿದ್ದು 1,20,000, ಬರುವುದು ಸುಮಾರು 1,42,700. ಮೂರು ವರ್ಷಕ್ಕೆ ಮೊದಲು ಮುರಿಯಲು ಬರುವುದಿಲ್ಲ, ಆಮೇಲೆ ಮುರಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಹಾಗಾಗಿ ಅದನ್ನೂ ಈ ತಿಂಗಳು ಸುರು ಮಾಡಬೇಡಿ. ಮೊದಲು ಎರಡು ತಿಂಗಳ ಖರ್ಚಿನಷ್ಟು, ಅಂದರೆ 24,000ದವರೆಗೆ, ಬ್ಯಾಂಕಿನ ಉಳಿತಾಯ ಖಾತೆಯಲ್ಲೇ ಇರಲಿ. ಪಿಎಫ್ ರೂಪದಲ್ಲಿ ನಿಮ್ಮ ದೂರದ ಉಳಿತಾಯ ಆಗಲೇ ಸುರುವಾಗಿದೆ, ನಿಮ್ಮ 1,680, ಕಂಪನಿಯ 514, ತಿಂಗಳಿಗೆ 2,194. ನಿಮ್ಮಲ್ಲಿ ಈಗ ಇಲ್ಲದಿರುವುದು ನಾಳೆ ಬೇಕೆಂದರೆ ಕೈಗೆ ಸಿಗುವ ದುಡ್ಡು.

ಎಚ್‌ಆರ್‌ಗೆ ಬಾಯಿಮಾತಲ್ಲಿ ಹೇಳಬೇಡಿ, ಮೇಲ್ ಹಾಕಿ. ನಾಲ್ಕೇ ಸಾಲು ಸಾಕು: "ಸರ್, ನಾನು ಜುಲೈ 7ರಂದು ಕೆಲಸಕ್ಕೆ ಸೇರಿದ್ದೇನೆ, ಜುಲೈ 31ರವರೆಗೆ 25 ದಿನ ಆಗುತ್ತವೆ. ಚೀಟಿಯಲ್ಲಿ 24 ದಿನ ಎಂದಿದೆ. 7ನೇ ತಾರೀಕಿನ ಹಾಜರಿ ದಯವಿಟ್ಟು ಪರಿಶೀಲಿಸಿ. ಹಾಗೆಯೇ 'ಅದರ್ ಡಿಡಕ್ಷನ್' 1,200 ಯಾವುದಕ್ಕೆ, ಮುಂದಿನ ತಿಂಗಳೂ ಇರುತ್ತದೆಯೇ ಎಂದು ತಿಳಿಸಿ." ಆಗಸ್ಟ್ ಪಗಾರದ ಹಾಜರಿ ಮುಚ್ಚುವ ಮೊದಲು, ಅಂದರೆ 25ನೇ ತಾರೀಕಿನೊಳಗೆ ಕಳಿಸಿ. ಅವರು ಒಪ್ಪಿದರೆ ಮುಂದಿನ ಚೀಟಿಯಲ್ಲಿ 'ಅರಿಯರ್ಸ್' ಅನ್ನುವ ಸಾಲು ಹೊಸದಾಗಿ ಬರುತ್ತದೆ, ಅಲ್ಲಿ 645 ಇರಬೇಕು. ಅದರ ಮೇಲೂ ಪಿಎಫ್, ಇಎಸ್‌ಐ ಹಿಡಿಯುವುದರಿಂದ ಕೈಗೆ ಬರುವುದು 587ರ ಸುಮಾರು. ಆ 58 ರೂಪಾಯಿಗೆ ಮತ್ತೆ ಮೇಲ್ ಹಾಕಬೇಡಿ.